ಬಿಸಿನೀರಿನ ರಾಡಿನ ಚೀಟಿ ಕನ್ನಡಕ್ಕೆ ತರುವಾಗ ಎಚ್ಚರಿಕೆಯ ಮಾತು ಕಳೆದುಹೋಗದಂತೆ ಬರೆಯುವುದು ಹೇಗೆ?

ನವೆಂಬರ್ ಬಂತೆಂದರೆ ಪುಣೆಯಲ್ಲಿ ಬೆಳಗಿನ ಚಳಿ ಶುರು. ಅಟ್ಟದ ಮೇಲಿದ್ದ ನೀರು ಕಾಯಿಸುವ ರಾಡ್ ಕೆಳಗಿಳಿಯುತ್ತದೆ. ಆಗ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. "ಡಬ್ಬಿಯೊಳಗಿನ ಚೀಟಿ ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿದೆ. ಊರಿಂದ ಬಂದಿರುವ ಅತ್ತೆಗೆ ಓದಲು ಬರುವುದು ಕನ್ನಡ ಮಾತ್ರ. ಹೇಗೆ ಬರೆದುಕೊಡಲಿ?" ಚಿಂಚವಡದಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿರುವ ಇನ್ನೊಬ್ಬರು, "ನಮ್ಮಲ್ಲಿ ವಿಜಯಪುರ, ಕಲಬುರಗಿ ಕಡೆಯ ಗೌಂಡಿ ಕೆಲಸದವರಿದ್ದಾರೆ. ಗೋಡೆಗೆ ಅಂಟಿಸಲು ಕನ್ನಡದ ಹಾಳೆ ಬೇಕು" ಎನ್ನುತ್ತಾರೆ.

ಹಾಗಾಗಿ ಇಲ್ಲಿ ರಾಡ್ ಒಂದನ್ನೇ ಹಿಡಿದು, ಚೀಟಿಯನ್ನು ಹಂತ ಹಂತವಾಗಿ ಕನ್ನಡಕ್ಕೆ ತರೋಣ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರ್‌ಗೂ ಈ ಕ್ರಮ ಹೊಂದುತ್ತದೆ. ರಾಡನ್ನು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇದರಲ್ಲಿ ಕರೆಂಟು ಹರಿಯುವ ಸಾಮಾನು ನೇರವಾಗಿ ನೀರಿನೊಳಗೇ ಕೂತಿರುತ್ತದೆ. ಒಂದು ಸಾಲು ತಪ್ಪಾಗಿ ಓದಿಸಿಕೊಂಡರೆ ಜೀವಕ್ಕೇ ಬರುತ್ತದೆ.

ಕೈಯಲ್ಲಿ ಏನೇನು ಇರಬೇಕು

ಮೂಲ ಚೀಟಿ ಬೇಕು. ಪ್ಲಗ್ ಹಾಕದ ರಾಡ್ ಎದುರಿಗೇ ಇರಬೇಕು. ಚೀಟಿಯಲ್ಲಿ ಹೇಳಿದ ಗೆರೆ, ಗುರುತು ನಿಜಕ್ಕೂ ಅದರ ಮೇಲೆ ಎಲ್ಲಿದೆ ಎಂದು ನೋಡದೆ ಬರೆಯುವ ಹಾಗಿಲ್ಲ. ಜೊತೆಗೆ ಇಬ್ಬರು ಮನುಷ್ಯರು ಬೇಕು. ಒಬ್ಬರು ರಾಡನ್ನು ದಿನಾ ಬಳಸುವವರು. ಇನ್ನೊಬ್ಬರು ಇಂಗ್ಲಿಷ್ ಮತ್ತು ಕನ್ನಡ ಎರಡೂ ಬಲ್ಲವರು, ಆದರೆ ಮೂಲ ಚೀಟಿಯನ್ನು ನೋಡಿರಬಾರದು. ಅವರ ಕೆಲಸ ಕೊನೆಯಲ್ಲಿ ಬರುತ್ತದೆ.

ಶುರು ಮಾಡುವ ಮೊದಲು ಡಬ್ಬಿಯ ಮೇಲಿರುವ ಗ್ರಾಹಕ ಸೇವೆಯ ನಂಬರಿಗೆ ಒಮ್ಮೆ ಫೋನ್ ಮಾಡಿ. ಅದೇ ಮಾದರಿ ಕರ್ನಾಟಕದಲ್ಲೂ ಮಾರಾಟವಾಗುತ್ತಿದ್ದರೆ ಕನ್ನಡದ ಚೀಟಿ ಸಿಕ್ಕರೂ ಸಿಗಬಹುದು. ಸಿಕ್ಕರೂ ಕೆಳಗಿನ 3 ಮತ್ತು 4ನೇ ಹಂತದ ಕಣ್ಣಿನಿಂದ ಒಮ್ಮೆ ಓದಿ ನೋಡಿ.

1. ಸಾಲುಗಳನ್ನು ಬೇರೆ ಬೇರೆ ಮಾಡಿ

ಅಗ್ಗದ ರಾಡುಗಳ ಚೀಟಿಯಲ್ಲಿ ಎಲ್ಲವೂ ಒಂದೇ ಗಾತ್ರದ ಅಕ್ಷರದಲ್ಲಿ ಒಂದರ ಕೆಳಗೊಂದು ಇರುತ್ತದೆ. "ಬಿಳಿ ಪೊರೆ ಕಟ್ಟಿದರೆ ಉಜ್ಜಿ ತೆಗೆಯಿರಿ" ಎಂಬುದಕ್ಕೂ ಗ್ಯಾರಂಟಿ ಮಾತಿಗೂ ನಡುವೆ "ಚಾಲೂ ಇರುವಾಗ ನೀರು ಮುಟ್ಟಬೇಡಿ" ಎಂಬುದು ಹುದುಗಿ ಕೂತಿರುತ್ತದೆ. ಇದ್ದ ಕ್ರಮದಲ್ಲೇ ಅನುವಾದಿಸಿದರೆ ಕನ್ನಡದಲ್ಲೂ ಹಾಗೇ ಹುದುಗುತ್ತದೆ.

ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಮುಂದೆ ಒಂದೊಂದು ಗುರುತು ಹಾಕಿ. ಇದನ್ನು ಮೀರಿದರೆ ಜೀವ ಹೋಗುತ್ತದೆಯೇ, ಗಾಯವಾಗುತ್ತದೆಯೇ, ಬರೀ ಸಾಮಾನು ಹಾಳಾಗುತ್ತದೆಯೇ? ಈ ಮೂರರಲ್ಲಿ ಯಾವುದೂ ಅಲ್ಲದಿದ್ದರೆ ಅದು ಬಳಸುವ ವಿಧಾನ ಅಥವಾ ಗ್ಯಾರಂಟಿ. ಗ್ಯಾರಂಟಿ ಮಾತು ಹಾಳೆಯ ಹಿಂಬದಿಗೆ ಹೋಗಲಿ.

2. ತಲೆಮಾತು ಯಾವುದು?

ಎಚ್ಚರಿಕೆಯ ಮೇಲೆ ದಪ್ಪಕ್ಷರದಲ್ಲಿ ಬರುವ ಒಂದೇ ಪದವನ್ನು ನಾನು ತಲೆಮಾತು ಎನ್ನುತ್ತೇನೆ. ಇಂಗ್ಲಿಷಿನಲ್ಲಿ ಈ ಪದಗಳಿಗೆ ದರ್ಜೆಯಿದೆ. ಅಮೆರಿಕದ ಅನ್ಸಿ ಝಡ್ 535 ಎಂಬ ಮಾನದಂಡದಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಡೇಂಜರ್ ಅಂದರೆ ತಪ್ಪಿದರೆ ಸಾವು ಅಥವಾ ದೊಡ್ಡ ಗಾಯ ಖಂಡಿತ. ವಾರ್ನಿಂಗ್ ಅಂದರೆ ಅದೇ ಆಗಬಹುದು. ಕಾಷನ್ ಅಂದರೆ ಸಣ್ಣ ಗಾಯವಾಗಬಹುದು. ನೋಟಿಸ್ ಅಂದರೆ ಸಾಮಾನಿಗೆ ಹಾನಿ.

ಕನ್ನಡದ ಚೀಟಿಗಳಲ್ಲಿ ಹೆಚ್ಚಾಗಿ ನಾಲ್ಕಕ್ಕೂ "ಎಚ್ಚರಿಕೆ" ಎಂದೇ ಬರೆದುಬಿಡುತ್ತಾರೆ. ಆಗ ಪ್ರಾಣದ ಮಾತೂ ಪ್ಲಾಸ್ಟಿಕ್ ಕರಗುವ ಮಾತೂ ಒಂದೇ ತೂಕವಾಗುತ್ತದೆ. ನಾನು ಬಳಸುವುದು ಹೀಗೆ: ಮೊದಲನೆಯದಕ್ಕೆ ಅಪಾಯ, ಎರಡನೆಯದಕ್ಕೆ ಎಚ್ಚರಿಕೆ, ಮೂರನೆಯದಕ್ಕೆ ಜೋಪಾನ, ನಾಲ್ಕನೆಯದಕ್ಕೆ ಗಮನಿಸಿ. ಒಮ್ಮೆ ಆರಿಸಿದ ಮೇಲೆ ಇಡೀ ಹಾಳೆಯಲ್ಲಿ ಅದೇ ಇರಬೇಕು. ಮೂಲದಲ್ಲಿ ದರ್ಜೆ ಕೊಟ್ಟಿದ್ದರೆ ಅದನ್ನು ಇಳಿಸಬೇಡಿ. ಕೊಟ್ಟಿರದಿದ್ದರೆ ಒಂದನೇ ಹಂತದಲ್ಲಿ ಹಾಕಿದ ಗುರುತಿನಂತೆ ನೀವೇ ಕೊಡಿ.

ನಮ್ಮ ಕಡೆಯವರು ಬೀಳುವ ಇನ್ನೊಂದು ಗುಂಡಿ ಇದೆ. ಇಂಗ್ಲಿಷ್ ಕಷ್ಟವೆಂದು ಮರಾಠಿ ಭಾಗವನ್ನು ನೋಡಿ ಬರೆಯುವುದು. ಮರಾಠಿಯ "ಧೋಕಾ" ಅಂದರೆ ಅಪಾಯ. ಕನ್ನಡಿಗರ ಕಿವಿಗೆ ಅದು ಮೋಸ. ಮರಾಠಿಯ "ಇಶಾರಾ" ಅಂದರೆ ಎಚ್ಚರಿಕೆ. ಕನ್ನಡದಲ್ಲಿ ಇಶಾರೆ ಅಂದರೆ ಸನ್ನೆ. ಪುಣೆಯಲ್ಲಿ ಇಪ್ಪತ್ತು ವರ್ಷ ಇದ್ದವರಿಗೆ ಈ ವ್ಯತ್ಯಾಸ ಮರೆತೇ ಹೋಗಿರುತ್ತದೆ. ಮೊನ್ನೆ ಊರಿಂದ ಬಂದವರಿಗೆ ಮರೆತಿರುವುದಿಲ್ಲ.

3. ವಾಕ್ಯವನ್ನು ಕತ್ತರಿಸಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಇಂಗ್ಲಿಷಿನಲ್ಲಿ ಬೇಡ ಎನ್ನುವ ಮಾತು ವಾಕ್ಯದ ಮೊದಲೇ ಬರುತ್ತದೆ. ಕನ್ನಡದಲ್ಲಿ ಅದು ಕಟ್ಟಕಡೆಗೆ, ಕ್ರಿಯಾಪದದ ಬಾಲದಲ್ಲಿ ಬರುತ್ತದೆ. ಅದರ ಜೊತೆಗೆ ಇನ್ನೊಂದು ತೊಡಕು ಇದೆ. ನಮ್ಮ "ಹಾಕಿ", "ಮಾಡಿ" ಎಂಬ ರೂಪಗಳಿಗೆ ಎರಡು ಅರ್ಥ. "ಊಟ ಮಾಡಿ" ಎಂದರೆ ಮಾಡಿರಿ ಎಂಬ ಮಾತು. "ಊಟ ಮಾಡಿ ಬಂದೆ" ಎಂದರೆ ಮಾಡಿದ ಮೇಲೆ ಎಂಬ ಮಾತು. ಈಗ ಚೀಟಿಯಲ್ಲಿ ಬರುವ ಈ ಸಾಲು ನೋಡಿ:

> ಸ್ವಿಚ್ ಹಾಕಿ ರಾಡನ್ನು ನೀರಿಗೆ ಇಳಿಸಬೇಡಿ.

ಬರೆದವರ ಮನಸ್ಸಿನಲ್ಲಿರುವುದು ಸ್ವಿಚ್ ಚಾಲೂ ಇರುವಾಗ ಇಳಿಸಬೇಡಿ ಎಂದು. ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಅಕ್ಷರ ಕೂಡಿಸಿ ಕೂಡಿಸಿ ಓದುವವರಿಗೆ ಮೊದಲು ಸಿಗುವುದು "ಸ್ವಿಚ್ ಹಾಕಿ" ಎಂಬ ಅಪ್ಪಣೆ. ಸಾಲು ಅಲ್ಲಿಗೇ ಮುಗಿದು "ಇಳಿಸಬೇಡಿ" ಕೆಳಗಿನ ಸಾಲಿಗೆ ಹೋದರಂತೂ ಉಳಿಯುವುದು "ಸ್ವಿಚ್ ಹಾಕಿ ರಾಡನ್ನು ನೀರಿಗೆ" ಎಂಬ ತುಂಡು. ಹೇಳಬೇಕಾದ್ದಕ್ಕೆ ಪೂರ್ತಿ ಉಲ್ಟಾ, ಅಲ್ವಾ?

ಇದಕ್ಕೆ ಮದ್ದು ಒಂದು ವಾಕ್ಯಕ್ಕೆ ಒಂದೇ ಕೆಲಸ, ಆಮೇಲೆ ಪೂರ್ಣವಿರಾಮ. ಬೇಡದ್ದನ್ನು ಹೇಳುವ ಬದಲು ಮಾಡಬೇಕಾದ ಕ್ರಮವನ್ನೇ ಹೇಳಲು ಆಗುವುದಾದರೆ ಇನ್ನೂ ಒಳ್ಳೆಯದು:

> ಮೊದಲು ರಾಡನ್ನು ನೀರಿಗೆ ಇಳಿಸಿ.
> ಆಮೇಲೆ ಪ್ಲಗ್ ಹಾಕಿ.
> ಕೊನೆಗೆ ಸ್ವಿಚ್ ಹಾಕಿ.

ಎರಡು ಬೇಡಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸುವುದು ಇನ್ನೊಂದು ತಪ್ಪು. "ಪ್ಲಗ್ ತೆಗೆಯದ ಹೊರತು ನೀರನ್ನು ಮುಟ್ಟದಿರಿ" ಎಂದು ಬರೆದದ್ದನ್ನು ನಾನು ನೋಡಿದ್ದೇನೆ. ಒಂದು ಇಲ್ಲ ಇನ್ನೊಂದು ಇಲ್ಲವನ್ನು ಹೊಡೆದುಹಾಕಿ, ಓದುವವರು ತಲೆಯಲ್ಲಿ ಲೆಕ್ಕ ಮಾಡಬೇಕಾಗುತ್ತದೆ. ಅದರಲ್ಲೂ "ಮುಟ್ಟದಿರಿ" ಎಂಬಲ್ಲಿ ಇಡೀ ಬೇಡ ನಿಂತಿರುವುದು ಒಂದು "ದ" ಅಕ್ಷರದ ಮೇಲೆ. ಜೆರಾಕ್ಸ್ ಮಸುಕಾದರೆ ಅದೂ ಹೋಯಿತು. ಆದ್ದರಿಂದ ಮುಟ್ಟದಿರಿ, ಮುಟ್ಟತಕ್ಕದ್ದಲ್ಲ, ಮುಟ್ಟದಂತೆ ಸೂಚಿಸಲಾಗಿದೆ ಎಂಬ ರೂಪಗಳೆಲ್ಲ ಬೇಡ. ಮುಟ್ಟಬೇಡಿ ಸಾಕು. ಅದನ್ನು ಕೇಳಿ ಯಾರೂ ಇನ್ನೊಂದು ಅರ್ಥ ಮಾಡಿಕೊಳ್ಳುವುದಿಲ್ಲ.

ಕೊನೆಯದಾಗಿ ಕಾರಣ. "ವಿದ್ಯುದಾಘಾತ ಉಂಟಾಗುವ ಸಾಧ್ಯತೆ ಇರುತ್ತದೆ" ಎಂದರೆ ಯಾರಿಗೂ ಕೈ ಹಿಂದೆ ಸರಿಯುವುದಿಲ್ಲ. "ಕರೆಂಟ್ ಹೊಡೆಯುತ್ತದೆ. ಜೀವ ಹೋಗಬಹುದು" ಎಂದರೆ ಸರಿಯುತ್ತದೆ. ಈ ಕಾರಣ "ಬೇಡಿ" ಎನ್ನುವುದಕ್ಕಿಂತ ಮೊದಲೇ ಬರಲಿ. ನಮ್ಮ ವಾಕ್ಯದಲ್ಲಿ "ಬೇಡಿ" ಹೇಗೂ ಕೊನೆಗೇ ಬರುವುದರಿಂದ, ಅಲ್ಲಿಗೆ ಮುಟ್ಟುವ ಮೊದಲೇ ಓದುವವರು ಹುಷಾರಾಗಿರಬೇಕು. ಹಾಗಾಗಿ ನನ್ನ ಕ್ರಮ ಹೀಗೆ: ತಲೆಮಾತು, ಏನಾಗುತ್ತದೆ, ಏನು ಮಾಡಬೇಡಿ, ಬದಲಿಗೆ ಏನು ಮಾಡಿ.

4. ಎರಡರ್ಥದ ಪದಗಳನ್ನು ಹುಡುಕಿ ತೆಗೆಯಿರಿ

ಒಮ್ಮೆ ನಾನು "ನೀರು ಕಾದ ಮೇಲೆ ಸ್ವಿಚ್ ತೆಗೆಯಿರಿ" ಎಂದು ಬರೆದ ಹಾಳೆಯನ್ನು ಇಂಡಿ ಕಡೆಯ ಒಬ್ಬ ಅಕ್ಕನಿಗೆ ಓದಲು ಕೊಟ್ಟಿದ್ದೆ. ಅವರು ಬೆರಳಿಟ್ಟು ಓದಿ, ಅಲ್ಲೇ ನಿಂತರು. "ತೆಗೀರಿ ಅಂದ್ರ ಹಾಕ್ರಿ ಅಂತೋ, ಬಂದ್ ಮಾಡ್ರಿ ಅಂತೋ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿತ್ತು. ಬಾಗಿಲು ತೆಗೆ ಅಂದರೆ ತೆರೆ. ನಲ್ಲಿ ತೆಗೆ ಅಂದರೆ ನೀರು ಬಿಡು. ಸ್ವಿಚ್ ತೆಗೆ ಅಂದರೆ ಮಾತ್ರ ನಿಲ್ಲಿಸು ಎಂದು ಹೇಗೆ ತಿಳಿಯಬೇಕು?

"ಆರಿಸಿ" ಕೂಡ ಹೀಗೇ. ದೀಪ ಆರಿಸುವುದೂ ಹೌದು, ಅಕ್ಕಿಯಲ್ಲಿ ಕಲ್ಲು ಆರಿಸುವುದೂ ಹೌದು. "ಗುಂಡಿ" ಎಂದರೆ ಒತ್ತುವುದೂ ಇದೆ, ಬೀಳುವುದೂ ಇದೆ. ಪುಣೆ, ಮುಂಬೈ, ಗೋವಾದಲ್ಲಿರುವ ಕನ್ನಡಿಗರಿಗೆ, ಉತ್ತರ ಕರ್ನಾಟಕದವರಿರಲಿ ಕರಾವಳಿಯವರಿರಲಿ, ಚಾಲೂ ಮತ್ತು ಬಂದ್ ಎಂಬ ಜೋಡಿ ಚೆನ್ನಾಗಿ ಗೊತ್ತು. ಅದನ್ನೇ ಬಳಸಿ. ಪ್ಲಗ್‌ಗೆ ಮಾತ್ರ "ಗೋಡೆಯಿಂದ ಹೊರಗೆ ತೆಗೆಯಿರಿ" ಎನ್ನಿ. "ಹೊರಗೆ" ಎಂಬುದು ಜೊತೆಗಿದ್ದರೆ ಗೊಂದಲವಿಲ್ಲ.

ಶುದ್ಧ ಕನ್ನಡ ಬೇಕೆಂದು "ಭೂಸಂಪರ್ಕ" ಎಂದು ಬರೆಯುವವರಿದ್ದಾರೆ. ಭಾಷೆಯ ಮೇಲಿನ ಅವರ ಪ್ರೀತಿಗೆ ನನ್ನ ಗೌರವವಿದೆ. ಆದರೆ ಕೋಣೆಗೆ ಬರುವ ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾದ ಪದ ಅರ್ಥಿಂಗ್. ಆ ಪದವನ್ನೇ ಬರೆದು ಪಕ್ಕದಲ್ಲಿ ಬಿಡಿಸಿ ಹೇಳಿ: ಅರ್ಥಿಂಗ್ ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ, ಪ್ಲಗ್ಗಿನ ಮೂರನೆಯ ದಪ್ಪ ಪಿನ್ ಅದಕ್ಕಾಗಿ ಇದೆ. ಆ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವವರಿಗೆ ಇಷ್ಟು ಗೊತ್ತಾದರೆ ಸಾಕು.

ರಾಡಿನ ಮೇಲೆ ಕೆತ್ತಿದ ಗುರುತುಗಳನ್ನು ಅನುವಾದಿಸಬೇಡಿ. ಮ್ಯಾಕ್ಸ್, ಮಿನ್ ಎಂಬ ಎರಡು ಗೆರೆಗಳು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. ಹಾಳೆಯಲ್ಲಿ ರಾಡಿನ ಚಿತ್ರ ಬರೆದು, ಅಕ್ಷರಗಳನ್ನು ಇದ್ದ ಹಾಗೇ ತೋರಿಸಿ, ಪಕ್ಕದಲ್ಲಿ "ನೀರು ಈ ಎರಡು ಗೆರೆಗಳ ನಡುವೆ ಇರಬೇಕು" ಎಂದು ಬರೆಯಿರಿ. ಅಂಕಿಗಳೂ ಅಷ್ಟೇ. ಡಬ್ಬಿಯ ಮೇಲೆ 1500 ಎಂದಿದ್ದರೆ ಹಾಳೆಯಲ್ಲೂ 1500 ಎಂದೇ ಇರಲಿ, ಕನ್ನಡ ಅಂಕಿ ಬೇಡ. ಕಣ್ಣು ಎರಡನ್ನೂ ಹೋಲಿಸಿ ನೋಡಬೇಕು.

5. ಎಚ್ಚರಿಕೆಯನ್ನು ಅದರ ಜಾಗದಲ್ಲಿ ಇಡಿ

ಜೀವದ ಮಾತು ಹಾಳೆಯ ನೆತ್ತಿಯ ಮೇಲೆ ಒಮ್ಮೆ ಬರಬೇಕು. ಆ ಕೆಲಸ ಮಾಡುವ ಹೆಜ್ಜೆಯ ಹತ್ತಿರ ಇನ್ನೊಮ್ಮೆ ಬರಬೇಕು. ಹೆಜ್ಜೆಯ ನಂತರ ಅಲ್ಲ, ಮೊದಲು. "ನೀರು ಕಾದಿದೆಯೇ ನೋಡಿ" ಎಂದು ಬರೆದು ಅದರ ಕೆಳಗೆ "ಚಾಲೂ ಇರುವಾಗ ಮುಟ್ಟಬೇಡಿ" ಎಂದರೆ ತಡವಾಯಿತು. ಅಷ್ಟೇ ಅಲ್ಲ, ನಮ್ಮ ಮಾತಿನಲ್ಲಿ ನೀರು ಕಾದಿದೆಯೇ ನೋಡುವುದು ಅಂದರೆ ಬೆರಳು ಅದ್ದಿ ನೋಡುವುದೇ. ಹಾಗಾಗಿ ಆ ಸಾಲನ್ನೇ ಕೈಬಿಟ್ಟು ನಾನು ಹೊತ್ತು ಬರೆಯುತ್ತೇನೆ. 1500 ವಾಟಿನ ರಾಡ್ 15 ಲೀಟರ್ ನೀರನ್ನು ಸುಮಾರು 30 ಡಿಗ್ರಿ ಏರಿಸಲು 20 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಗಡಿಯಾರ ನೋಡಿ ಎಂದು ಹೇಳಿದರೆ ಬೆರಳು ಅದ್ದುವ ಕಾರಣವೇ ಉಳಿಯುವುದಿಲ್ಲ.

ಎಲ್ಲ ಕೂಡಿಸಿದರೆ ಹಾಳೆಯ ಮುಂಬದಿ ಹೀಗಾಗುತ್ತದೆ:

> ಅಪಾಯ
> ಕರೆಂಟ್ ಹೊಡೆದು ಜೀವ ಹೋಗುತ್ತದೆ.
> ರಾಡ್ ಚಾಲೂ ಇರುವಾಗ ನೀರು ಮುಟ್ಟಬೇಡಿ. ಬಕೆಟ್ ಮುಟ್ಟಬೇಡಿ.
> ಮಕ್ಕಳನ್ನು ಹತ್ತಿರ ಬಿಡಬೇಡಿ.
>
> ಚಾಲೂ ಮಾಡುವಾಗ
> 1. ಬಕೆಟ್ಟಿಗೆ ನೀರು ತುಂಬಿ.
> 2. ರಾಡನ್ನು ನೀರಿಗೆ ಇಳಿಸಿ. ನೀರು ಎರಡು ಗೆರೆಗಳ ನಡುವೆ ಇರಬೇಕು.
> 3. ಪ್ಲಗ್ಗನ್ನು ದೊಡ್ಡ ತೂತಿನ ಪವರ್ ಸಾಕೆಟ್ಟಿಗೆ ಹಾಕಿ.
> 4. ಈಗ ಸ್ವಿಚ್ ಚಾಲೂ ಮಾಡಿ. ಗಡಿಯಾರ ನೋಡಿಕೊಳ್ಳಿ. 15 ಲೀಟರ್ ನೀರಿಗೆ ಸುಮಾರು 20 ನಿಮಿಷ ಸಾಕು.
>
> ಬಂದ್ ಮಾಡುವಾಗ
> ಅಪಾಯ: ಪ್ಲಗ್ ಇನ್ನೂ ಗೋಡೆಯಲ್ಲಿದೆ. ನೀರು ಮುಟ್ಟಬೇಡಿ.
> 5. ಸ್ವಿಚ್ ಬಂದ್ ಮಾಡಿ.
> 6. ಪ್ಲಗ್ಗನ್ನು ಗೋಡೆಯಿಂದ ಹೊರಗೆ ತೆಗೆಯಿರಿ.
> 7. ಸ್ವಲ್ಪ ಹೊತ್ತು ಬಿಡಿ. ಆಮೇಲೆ ಹಿಡಿಕೆ ಹಿಡಿದು ರಾಡನ್ನು ಮೇಲೆತ್ತಿ.
> 8. ಈಗ ನೀರು ಮುಟ್ಟಬಹುದು.
>
> ಜೋಪಾನ: ಹೊರಗೆ ತೆಗೆದ ರಾಡ್ ಸುಡುತ್ತದೆ.
>
> ಗಮನಿಸಿ: ನೀರಿಲ್ಲದ ಬಕೆಟ್ಟಿನಲ್ಲಿ ಚಾಲೂ ಮಾಡಿದರೆ ರಾಡ್ ಸುಟ್ಟುಹೋಗುತ್ತದೆ. ರಾಡ್ ತಗುಲಿದರೆ ಪ್ಲಾಸ್ಟಿಕ್ ಬಕೆಟ್ ಕರಗುತ್ತದೆ.

ಇದರಲ್ಲಿ ಎರಡು ಸಾಲುಗಳ ಬಗ್ಗೆ ನನ್ನನ್ನು ಪದೇ ಪದೇ ಕೇಳುತ್ತಾರೆ. ಸ್ವಿಚ್ ಬಂದ್ ಮಾಡಿದ ಮೇಲೆ ಪ್ಲಗ್ ತೆಗೆಯುವುದು ಯಾಕೆ? ಹಳೆಯ ಬಾಡಿಗೆ ಕೋಣೆಗಳಲ್ಲಿ ವೈರಿಂಗ್ ಅದಲು ಬದಲಾಗಿ, ಸ್ವಿಚ್ ಕರೆಂಟ್ ಬರುವ ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯಲ್ಲಿ ಕೂತಿರುವುದುಂಟು. ಆಗ ಸ್ವಿಚ್ ಬಂದ್ ಆದರೂ ರಾಡಿನ ತನಕ ಕರೆಂಟ್ ಬಂದೇ ಇರುತ್ತದೆ. ರಾಡ್ ಎಲ್ಲಾದರೂ ಸೀಳಿದ್ದರೆ ಅದು ನೀರಿಗೂ ಇಳಿಯುತ್ತದೆ. ಹೊರಗಿಂದ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಇನ್ನು ದೊಡ್ಡ ತೂತಿನ ಸಾಕೆಟ್ ಯಾಕೆ? 1500 ವಾಟಿನ ರಾಡ್ 230 ವೋಲ್ಟಿನಲ್ಲಿ ಸುಮಾರು 6.5 ಆಂಪ್ ಎಳೆಯುತ್ತದೆ. ಸಣ್ಣ ಸಾಕೆಟ್ಟಿನ ಮಿತಿ 6 ಆಂಪ್, ದೊಡ್ಡದರದು 16. ನಡುವೆ ಅಡಾಪ್ಟರ್ ಹಾಕಿ ಸಣ್ಣದಕ್ಕೆ ಜೋಡಿಸಿದರೆ ಪ್ಲಗ್ ಬಿಸಿಯಾಗಿ ಕರಗಬಹುದು. ಈ ಕಾರಣಗಳು ಹಿಂಬದಿಯಲ್ಲಿರಲಿ. ಮುಂಬದಿಯಲ್ಲಿ ಅಪ್ಪಣೆ ಮಾತ್ರ.

ಮೂಲ ಚೀಟಿಯಲ್ಲಿ ಪ್ಲಗ್ ತೆಗೆಯುವ ಮಾತು ಇಲ್ಲದಿದ್ದರೆ? ಮನೆಗಾಗಿ ಮಾಡುವ ಹಾಳೆಯಲ್ಲಿ ಸೇರಿಸಿ, "ಇದು ನಾವು ಸೇರಿಸಿದ್ದು" ಎಂದು ಹಿಂಬದಿಯಲ್ಲಿ ಬರೆದಿಡಿ. ಕಂಪನಿಗಾಗಿ ಅನುವಾದ ಮಾಡುತ್ತಿದ್ದರೆ ನೀವಾಗಿ ಸೇರಿಸಬೇಡಿ, ಅವರಿಗೆ ಬರೆದು ತಿಳಿಸಿ. ಎರಡೂ ಕಡೆ ಒಂದು ಎಚ್ಚರಿಕೆಯನ್ನೂ ಬಿಡುವ ಹಾಗಿಲ್ಲ.

6. ಅಕ್ಷರ ಮತ್ತು ಅಚ್ಚು

ಇಂಗ್ಲಿಷಿನವರು ದೊಡ್ಡಕ್ಷರ ಹಾಕಿ ಕೂಗಿ ಹೇಳುತ್ತಾರೆ. ಕನ್ನಡದಲ್ಲಿ ಆ ದಾರಿಯಿಲ್ಲ. ನಮಗಿರುವುದು ಗಾತ್ರ, ದಪ್ಪ, ಚೌಕಟ್ಟು. ನಾನು ಮಾಮೂಲಿ ಸಾಲಿಗೆ 14 ಪಾಯಿಂಟ್, ತಲೆಮಾತಿಗೆ 24 ಪಾಯಿಂಟ್ ಇಡುತ್ತೇನೆ. ದಪ್ಪಕ್ಷರ ತಲೆಮಾತಿಗೂ "ಬೇಡಿ" ಇರುವ ಪದಕ್ಕೂ ಮಾತ್ರ. ಇಡೀ ಪೆಟ್ಟಿಗೆಯನ್ನು ದಪ್ಪ ಮಾಡಿದರೆ ಒತ್ತಕ್ಷರಗಳ ಹೊಟ್ಟೆ ಮಸಿ ತುಂಬಿ ಮುಚ್ಚಿಹೋಗುತ್ತದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರವೂ ಬೇಡ, ಅದೇ ಕಾರಣಕ್ಕೆ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಕೆಂಪು ಬಣ್ಣವನ್ನೇ ನಂಬಿ ಕೂರಬೇಡಿ. ಈ ಹಾಳೆ ಕೈಯಿಂದ ಕೈಗೆ ಹೋಗುವುದು ಕಪ್ಪು ಬಿಳುಪು ಜೆರಾಕ್ಸಿನಲ್ಲಿ. ಅಲ್ಲಿ ಕೆಂಪೂ ಬೂದು, ಹಳದಿಯಂತೂ ಕಾಣುವುದೇ ಇಲ್ಲ. ಅಪಾಯದ ಪೆಟ್ಟಿಗೆಗೆ ದಪ್ಪನೆಯ ಕಪ್ಪು ಚೌಕಟ್ಟು ಹಾಕಿ. ಬಣ್ಣ ಇದ್ದರೆ ಅದರ ಮೇಲೆ.

ಇಲ್ಲಿನ ಜೆರಾಕ್ಸ್ ಅಂಗಡಿಗಳಲ್ಲಿ ಮರಾಠಿ ಅಕ್ಷರ ಇರುತ್ತದೆ, ಕನ್ನಡದ ಅಕ್ಷರ ಇರುವುದು ಅಪರೂಪ. ವರ್ಡ್ ಫೈಲ್ ಒಯ್ದರೆ ಒತ್ತಕ್ಷರ ಬಿಡಿಬಿಡಿಯಾಗಿ "ಮುಟ್‌ಟಬೇಡಿ" ಎಂದು ಬರಬಹುದು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲೇ ಬರುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಮನೆಯಲ್ಲೇ ಪಿಡಿಎಫ್ ಮಾಡಿ, ಅದನ್ನು ಒಯ್ಯಿರಿ. ಮೊದಲ ಪ್ರತಿಯನ್ನು ಅಂಗಡಿಯಲ್ಲೇ ನಿಂತು ಪೂರ್ತಿ ಓದಿ. "ಮುಟ್ಟಬೇಡಿ" ಎರಡು ಸಾಲಿಗೆ ಹರಿದಿದೆಯೇ ಎಂದು ಮುಖ್ಯವಾಗಿ ನೋಡಿ. ಹರಿದಿದ್ದರೆ ವಾಕ್ಯ ಉದ್ದವಾಗಿದೆ ಎಂದರ್ಥ, ಚಿಕ್ಕದು ಮಾಡಿ.

7. ಮಾಡಿ ತೋರಿಸಲು ಹೇಳಿ

"ಅರ್ಥವಾಯಿತಾ?" ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ, ಮರ್ಯಾದೆಗಾದರೂ. ಬಕೆಟ್, ನೀರು, ರಾಡ್ ಎದುರಿಗಿಡಿ. ಸಾಕೆಟ್ಟಿನ ಕರೆಂಟನ್ನು ಮೇನ್ ಸ್ವಿಚ್ಚಿನಲ್ಲೇ ಬಂದ್ ಮಾಡಿಡಿ. ಹಾಳೆ ಕೊಟ್ಟು, "ಅಕ್ಕಾ, ಇದರಲ್ಲಿ ಬರೆದ ಹಾಗೆ ಮಾಡಿ ತೋರಿಸಿ" ಎನ್ನಿ. ನಡುವೆ ಬಾಯಿ ಹಾಕಬೇಡಿ, ಸುಮ್ನೆ ಕೈ ನೋಡುತ್ತಿರಿ. ಕೈ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಂದಕ್ಕೆ ಓಡುತ್ತದೆ ಎಂದು ಬರೆದುಕೊಳ್ಳಿ. ಪ್ಲಗ್ ಇನ್ನೂ ಗೋಡೆಯಲ್ಲಿರುವಾಗ ಬೆರಳು ನೀರಿನ ಕಡೆ ಹೋದರೆ ತಪ್ಪು ಅವರದಲ್ಲ, ಹಾಳೆಯದು. ತಿದ್ದಿ, ಇನ್ನೊಬ್ಬರ ಹತ್ತಿರ ಮತ್ತೆ ಮಾಡಿಸಿ. ಇಬ್ಬರು ಮೂವರ ಹತ್ತಿರ ಮಾಡಿಸಿದರೆ ದೊಡ್ಡ ತಪ್ಪುಗಳು ಹೊರಗೆ ಬರುತ್ತವೆ.

ಇನ್ನು ಮೂಲ ನೋಡದ ಆ ಎರಡನೆಯವರು. ನಿಮ್ಮ ಕನ್ನಡವನ್ನು ಅವರು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಅದನ್ನು ಮೂಲದ ಪಕ್ಕ ಇಟ್ಟು ಎಚ್ಚರಿಕೆಗಳನ್ನು ಮಾತ್ರ ಎಣಿಸಿ. ಮೂಲದಲ್ಲಿ ಒಂಬತ್ತಿದ್ದು ಇಲ್ಲಿ ಎಂಟು ಸಿಕ್ಕರೆ ಒಂದು ಎಲ್ಲೋ ಬಿದ್ದುಹೋಗಿದೆ. ನೀವು ಬೇಕೆಂದೇ ಸೇರಿಸಿದ್ದನ್ನು ಲೆಕ್ಕದಿಂದ ಬಿಟ್ಟು ಎಣಿಸಿ.

ಓದಲು ಬಾರದವರೂ ಮನೆಯಲ್ಲಿದ್ದರೆ ನೀರಿಗೆ ಬೆರಳು ಅದ್ದುವ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಹಾಕಿ. ಬರೀ ಚಿತ್ರ ಸಾಲದು. ಅಡ್ಡಗೆರೆ ಅಂದರೆ ಬೇಡ ಎಂದು ಎಲ್ಲರಿಗೂ ಗೊತ್ತಿರುವುದಿಲ್ಲ. ಒಮ್ಮೆ ಕೂರಿಸಿಕೊಂಡು ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳಿ, ಚಿತ್ರದ ಮೇಲೆ ಬೆರಳಿಟ್ಟು ತೋರಿಸಿ.

ಹಾಳೆಯನ್ನು ಬಚ್ಚಲಿನ ಗೋಡೆಗೆ ಅಂಟಿಸಿದರೆ ಆವಿಗೆ ಎರಡೇ ವಾರದಲ್ಲಿ ಸುರುಳಿಯಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಪ್ಲಗ್ ಹಾಕುವ ಸಾಕೆಟ್ಟಿನ ಪಕ್ಕ, ಕಣ್ಣಿನ ಎತ್ತರಕ್ಕೆ ಅಂಟಿಸಿ. ಮೂಲ ಚೀಟಿಯನ್ನು ಎಸೆಯಬೇಡಿ, ಅದರ ಹಿಂದೆಯೇ ಸೇರಿಸಿಡಿ. ಮುಂದಿನ ವರ್ಷ ಹೊಸ ರಾಡ್ ತಂದಾಗ ಹಳೆಯ ಹಾಳೆಯನ್ನು ಹಾಗೇ ಬಿಡಬೇಡಿ. ವಾಟ್ ಬೇರೆಯಿರಬಹುದು, ಗೆರೆಗಳ ಜಾಗ ಬೇರೆಯಿರಬಹುದು. ಹೊಸ ಚೀಟಿಯನ್ನು ಎದುರಿಗಿಟ್ಟು ಪ್ರತಿ ಅಂಕಿಯನ್ನೂ ಮತ್ತೆ ತಾಳೆ ನೋಡಿ.